ನಾಳೆ ಬೆಳಿಗ್ಗೆ ಖಾಲಿ ಮಾಡುತ್ತಾಳಂತೆ!

"ಆಂಟಿ, ನಾಳೆ ಬೆಳಿಗ್ಗೆ ರೂಮು ಖಾಲಿ ಮಾಡುತ್ತೇನೆ, ಈ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ" ಎಂದು ನಿನ್ನೆ ರಾತ್ರಿ ತಟ್ಟೆ ತೊಳೆಯುತ್ತಲೇ ನನ್ನ ಪಿಜಿಯ ಹುಡುಗಿಯೊಬ್ಬಳು ಘೋಷಿಸಿದಳು. ಒಂದು ತಿಂಗಳು ಮುಂಚಿತವಾಗಿ ತಿಳಿಸಬೇಕೆಂಬ ನಿಯಮ ಅವಳೇ ಸಹಿ ಹಾಕಿದ ಹಾಳೆಯಲ್ಲಿ ದಪ್ಪಕ್ಷರದಲ್ಲಿದ್ದರೂ ಕಂಡಿರಲಿಲ್ಲವಂತೆ. ಅದೇ ಹಾಳೆಯ ತುದಿಯಲ್ಲಿ ಸಣ್ಣಕ್ಷರದಲ್ಲಿದ್ದ ವೈಫೈ ಪಾಸ್‌ವರ್ಡ್ ಮಾತ್ರ ಸೇರಿದ ಮರುನಿಮಿಷವೇ ಕಂಡಿತ್ತು.

ಒಂದು ತಿಂಗಳ ಬಾಡಿಗೆಯಷ್ಟೇ ಇರುವ ಅಡ್ವಾನ್ಸು ಈ ತಿಂಗಳ ಬಾಕಿಗೇ ಕರಗಿಹೋದರೆ, ನೋಟಿಸ್ ಅವಧಿಯ ಬಾಡಿಗೆ, ಕಪಾಟಿನ ಮುರಿದ ಬಾಗಿಲು, ಕಳೆದುಹೋದ ಕೀಲಿಕೈ, ಪೋಸ್ಟರಿನೊಂದಿಗೆ ಕಿತ್ತುಬಂದ ಗೋಡೆಯ ಬಣ್ಣ, ಇವೆಲ್ಲವನ್ನೂ ನಾನು ಯಾರ ಲೆಕ್ಕಕ್ಕೆ ಬರೆಯಬೇಕು? ಹೊಸಬರು ಬರುವುದು ಕಾಲೇಜು ಆರಂಭವಾಗುವ ದಿನಗಳಲ್ಲಿ. ನಡುವರ್ಷದಲ್ಲಿ ಖಾಲಿಯಾದ ಹಾಸಿಗೆಯನ್ನು ಕೇಳುವವರೇ ಇರುವುದಿಲ್ಲ. ಒಬ್ಬಳು ಹೋದಳೆಂದು ಅಡುಗೆಯವರು ಸಂಬಳ ಇಳಿಸಿಕೊಳ್ಳುತ್ತಾರೆಯೇ?

ಇನ್ನು ಅದೇ ರೂಮಿನಲ್ಲಿ ಉಳಿದವಳು, ಗೆಳತಿಯ ಸೂಟ್‌ಕೇಸು ಮೆಟ್ಟಿಲಿಳಿಯುವ ಮೊದಲೇ ಆ ಮಂಚದ ಮೇಲೆ ತನ್ನ ಬಟ್ಟೆಗಳನ್ನು ಹರಡಿಕೊಂಡಿದ್ದಾಳೆ. ಇಬ್ಬರ ರೂಮಿನ ದರದಲ್ಲಿ ಒಬ್ಬಳ ವೈಭೋಗ! ರೂಮು ನೋಡಲು ಯಾರಾದರೂ ಬಂದರೆ ಅವಳಿಗೆ ಅಂದೇ ಪರೀಕ್ಷೆ ಇರುತ್ತದೆ. ಇಲ್ಲವಾದರೆ ಗೀಸರ್ ಕೆಟ್ಟಿದೆ, ತಿಗಣೆಯ ಕಾಟವಿದೆ ಎಂದು ನನ್ನ ಬೆನ್ನ ಹಿಂದೆ ಪಿಸುಗುಟ್ಟಿ ಸಾಗಹಾಕುತ್ತಾಳೆ. ಬೇರೆ ರೂಮಿಗೆ ಬದಲಾಯಿಸುತ್ತೇನೆಂದರೆ ಸಂಜೆಯೊಳಗೆ ತಾಯಿಯ ಫೋನು: "ಒಬ್ಬಳೇ ಇದ್ದರೆ ಅವಳಿಗೆ ಓದು ಹತ್ತುತ್ತದೆ, ಬಾಡಿಗೆ ಮಾತ್ರ ಮೊದಲಿನಷ್ಟೇ ಇರಲಿ."