ನೋಯಂಗಿಲ್ಲ, ತುರಸಂಗಿಲ್ಲ

ಹಾನಗಲ್ ಕಡೆ ಇರೋ ನಮ್ಮ ಚಿಗವ್ವಗ ದೀಪಾವಳಿ ಹೊತ್ತಿಗೆ ಜ್ವರ ಬಂತು. 103ಕ್ಕೆ ಏರೋದು, ತಲೆ ಸಿಡಿಯೋದು, ಮೈಕೈ ನೋವು. ಊರ ಹತ್ತಿರದ ದವಾಖಾನೆಯಲ್ಲಿ ಡೆಂಗ್ಯೂ ಇಲ್ಲ ಅಂದರು. ಪ್ಲೇಟ್‌ಲೆಟ್ ಮಾತ್ರ 70 ಸಾವಿರಕ್ಕೆ ಇಳಿದಿತ್ತು. ಐದು ದಿನ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಮಾಡಿದರೂ ಜ್ವರ ಜಗ್ಗಲಿಲ್ಲ. ಏಳನೇ ದಿನ ಏದುಸಿರು ಶುರುವಾದಾಗ ಹುಬ್ಬಳ್ಳಿಗೆ ಕರಕೊಂಡು ಬಂದೆವು.

ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಹೊಲಕ್ಕ ಹೋಗ್ತಾರೇನ್ರಿ?" ಹೋಗದೆ ಏನು? ಎಮ್ಮೆಗೆ ದಿನಾ ಬದುವಿನ ಹುಲ್ಲು ಕೊಯ್ದು ತರೋದು ಅವಳೇ. ಡಾಕ್ಟರ್ ನರ್ಸ್ ಅಕ್ಕನ್ನ ಕರೆದು ಪರದೆ ಎಳೆಸಿದರು. ಕಂಕುಳು, ಎದೆಯ ಕೆಳಗೆ, ತೊಡೆಸಂದು, ಮೊಣಕಾಲ ಹಿಂದೆ ಎಲ್ಲಾ ನೋಡಿ ಅಂದರು. ಸಿಕ್ಕಿದ್ದು ಸೊಂಟದಲ್ಲಿ, ಲಂಗದ ಲಾಡಿ ಕಟ್ಟೋ ಜಾಗದಲ್ಲಿ. ಹುಣಸೆಬೀಜಕ್ಕಿಂತ ಸಣ್ಣ ಕರಿ ಹಕ್ಕಳೆ, ಸುತ್ತ ಕೆಂಪು ಅಂಚು, ಬೀಡಿಯಿಂದ ಸುಟ್ಟಹಾಗೆ.

"ಯವ್ವಾ, ಇದು ಯಾವಾಗ ಆತು?"

"ಅದಾ? ಲಾಡಿ ಒತ್ತಿ ಆಗೈತಿ ಬಿಡವ್ವ. ನೋಯಂಗಿಲ್ಲ, ತುರಸಂಗಿಲ್ಲ."

ನೋಯದ್ದಕ್ಕೇ ಅವಳು ಹೇಳಿರಲಿಲ್ಲ. ಹಿಂದಿನ ದವಾಖಾನೆಯಲ್ಲಿ ಸೀರೆ ಸರಿಸಿ ಯಾರೂ ನೋಡಿರಲಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ. ಸಾವಿರಾರು ರೂಪಾಯಿಯ ರಕ್ತ ಪರೀಕ್ಷೆ ಬರೆಯೋಕೆ ಇರೋ ಪುರುಸೊತ್ತು, ಪರದೆ ಎಳೆದು ಎರಡು ನಿಮಿಷ ಮೈ ನೋಡೋಕೆ ಇಲ್ಲ.

ಇದು ಸ್ಕ್ರಬ್ ಟೈಫಸ್. ಹೆಸರು ಕೇಳಿ ಟೈಫಾಯ್ಡ್ ಅಂದುಕೊಳ್ಳಬೇಡಿ, ಅದು ಬೇರೆ. ಹುಲ್ಲು, ಪೊದೆಯಲ್ಲಿರೋ ಮೈಟ್ ಅನ್ನೋ ಹುಳದ ಮರಿ ಕಚ್ಚಿ ಬರುತ್ತೆ. ಉಣ್ಣಿಯ ಹಾಗೆ ಕಿತ್ತು ಬಿಸಾಡೋಣ ಅಂದರೆ ಅದು ಕಣ್ಣಿಗೇ ಸರಿಯಾಗಿ ಕಾಣಲ್ಲ. ಬಟ್ಟೆ ಬಿಗಿಯಾಗಿರೋ ಕಡೆ, ಮೆತ್ತನೆಯ ಮಡಿಕೆಯಲ್ಲಿ ಕೂರುತ್ತೆ. ಜ್ವರ ಬರೋದು ಸಾಮಾನ್ಯವಾಗಿ ಹತ್ತು ಹನ್ನೆರಡು ದಿನದ ಮೇಲೆ, ಅಷ್ಟರಲ್ಲಿ ಹೊಲದ ನೆನಪೇ ಇರಲ್ಲ.

ಚಿಗವ್ವಗ ಸಂಜೆಗೇ ಡಾಕ್ಸಿಸೈಕ್ಲಿನ್ ಶುರು ಮಾಡಿದರು, 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ರಕ್ತದ ರಿಪೋರ್ಟ್‌ಗೆ ಕಾಯಲಿಲ್ಲ. ಕಾಯಿಲೆಯ ಮೊದಲ ವಾರದಲ್ಲಿ ಆ್ಯಂಟಿಬಾಡಿ ಪರೀಕ್ಷೆ ನೆಗೆಟಿವ್ ಬರಬಹುದಂತೆ, ಅಷ್ಟರಲ್ಲಿ ಶ್ವಾಸಕೋಶ, ಮೂತ್ರಪಿಂಡ ಕೈಕೊಡಬಹುದು. ಮೊದಲು ಕೊಟ್ಟ ಇಂಜೆಕ್ಷನ್ ಸೆಫಲೋಸ್ಪೊರಿನ್ ಜಾತಿಯದ್ದು, ಈ ರೋಗಾಣುವಿಗೆ ಅದು ನಾಟೋದೇ ಇಲ್ಲ. ಸರಿಯಾದ ಗುಳಿಗೆ ಬಿದ್ದ ಎರಡನೇ ದಿನ ಜ್ವರ ಬಿಟ್ಟಿತು, ಆದರೂ ಏಳು ದಿನದ ಕೋರ್ಸ್ ಮುಗಿಸಿದರು. ಇದನ್ನ ಓದಿ ಮೆಡಿಕಲ್ ಶಾಪಿಗೆ ಓಡಬೇಡಿ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಬೇರೆ ಔಷಧ, ಅಜಿತ್ರೊಮೈಸಿನ್ ಕೊಡ್ತಾರೆ.

ಹುಳ ಕಚ್ಚಿದ ಜಾಗದಲ್ಲಿ ಆಗೋ ಈ ಕರಿ ಕಲೆ ಎಲ್ಲರಲ್ಲೂ ಇರಲ್ಲ. ಬೆವರೋ ಜಾಗದಲ್ಲಿ ಕಪ್ಪು ಹಕ್ಕಳೆಯ ಬದಲು ಹಸಿ ಹುಣ್ಣಿನ ಹಾಗೆ ಕಾಣಬಹುದು. ಹಾಗಾಗಿ ಕಲೆ ಸಿಗದಿದ್ದರೂ ಹೊಲದ ಸುದ್ದಿಯನ್ನು ಡಾಕ್ಟರಿಗೆ ನೀವೇ ಹೇಳಿ.

ಚಿಗವ್ವ ಈಗ ಮತ್ತೆ ಹುಲ್ಲಿಗೆ ಹೋಗ್ತಾಳೆ. ತುಂಬುತೋಳಿನ ಅಂಗಿ ಹಾಕ್ಕೋ ಅಂದರೆ ನಗ್ತಾಳೆ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಸೀರೆ ಒಗೆಯೋಕೆ ಹಾಕೋದು ಮಾತ್ರ ಬಿಟ್ಟಿಲ್ಲ.