4 ಪರ್ಸೆಂಟ್ ಉಳಿದಿಲ್ಲ ಸ್ವಾಮಿ, 4 ಪರ್ಸೆಂಟ್ ಸವೆದಿದೆ!

ಎಲ್ಲಾದರೂ ಹೇಳಿಕೊಳ್ಳದಿದ್ದರೆ ಈ ಹೊಟ್ಟೆಯುರಿ ಆರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತಿಪಟೂರಿನಲ್ಲಿ ನಮ್ಮ ಸೋದರಮಾವ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಫೈಲ್ ಮಾಡಿಕೊಡುತ್ತಾರೆ. ಜುಲೈ ಬಂತೆಂದರೆ ಊಟಕ್ಕೂ ಪುರಸೊತ್ತಿಲ್ಲ. ಅಂಥ ಹೊತ್ತಿನಲ್ಲೇ ಲ್ಯಾಪ್‌ಟಾಪ್ ಎತ್ತಿನಗಾಡಿಯಂತೆ ಎಳೆಯತೊಡಗಿತು. ಊರಲ್ಲೇ ಇರುವ ಒಂದು ರಿಪೇರಿ ಅಂಗಡಿಗೆ ಕೊಟ್ಟರು. ಸಂಜೆ ನನಗೆ ಫೋನ್. "ಎಸ್‌ಎಸ್‌ಡಿ ಹೋಗೋದ್ರಲ್ಲಿದೆಯಂತೆ ಕಣೋ, ಬರೀ ನಾಲ್ಕು ಪರ್ಸೆಂಟ್ ಉಳಿದಿದೆಯಂತೆ. ಬದಲಾಯಿಸಿಬಿಟ್ಟೆ." ಹೊಸ ಡ್ರೈವ್‌ಗೆ 4,800, ಡೇಟಾ ವರ್ಗಾಯಿಸಿದ್ದಕ್ಕೆ 700, ಹಳೆಯದನ್ನು ಎಕ್ಸ್‌ಚೇಂಜ್ ತಗೊಂಡಿದ್ದಕ್ಕೆ 300 ಕಡಿಮೆ. ಒಟ್ಟು 5,200 ರೂಪಾಯಿ.

ಮೂರೇ ವರ್ಷದ ಡ್ರೈವ್, ಮಾವ ಅದರಲ್ಲಿ ಮಾಡುವುದು ಎಕ್ಸೆಲ್ ಮತ್ತು ಪಿಡಿಎಫ್. ಅನುಮಾನ ಬಂತು. ಅಂಗಡಿಯವರು ಏನಾದರೂ ತೋರಿಸಿದರಾ ಎಂದು ಕೇಳಿದೆ. ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಕಪ್ಪು ಪರದೆ, ಬಿಳಿ ಅಕ್ಷರ. ಡ್ರೈವ್‌ನ ಆರೋಗ್ಯದ ವರದಿ ಕೊಡುವ `smartctl` ಓಡಿಸಿದ್ದಾರೆ, ಅಷ್ಟರಮಟ್ಟಿಗೆ ಸರಿಯೇ. ಒಂದು ಸಾಲಿಗೆ ಕೆಂಪು ಸುತ್ತು ಬೇರೆ ಹಾಕಿದ್ದಾರೆ!

```
Critical Warning:                   0x00
Available Spare:                    100%
Available Spare Threshold:          10%
Percentage Used:                    4%
Data Units Written:                 23,845,120 [12.2 TB]
Power On Hours:                     4,106
Unsafe Shutdowns:                   87
Media and Data Integrity Errors:    0
```

ಕೆಂಪು ಸುತ್ತು ಯಾವುದಕ್ಕೆ ಅಂತ ಹೇಳಬೇಕಾಗಿಲ್ಲ ಅಲ್ವಾ? `Percentage Used: 4%`. ಯೂಸ್ಡ್ ಅಂದರೆ ಬಳಸಿದ್ದು. ನೂರರಲ್ಲಿ ನಾಲ್ಕು ಸವೆದಿದೆ, ತೊಂಬತ್ತಾರು ಹಾಗೇ ಇದೆ. ಸಂತೆಯಲ್ಲಿ ಕಾಯಿ ಮಾರುವವನಿಗೂ "ಖರ್ಚಾಗಿದ್ದು ನಾಲ್ಕು" ಮತ್ತು "ಉಳಿದಿದ್ದು ನಾಲ್ಕು" ಇವೆರಡರ ವ್ಯತ್ಯಾಸ ಗೊತ್ತಿರುತ್ತದೆ.

ಈ ಗೊಂದಲ ಎಲ್ಲಿಂದ ಬರುತ್ತದೆ ಅಂತ ನನಗೂ ಗೊತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಇದೇ ಡ್ರೈವನ್ನು 96% ಎಂದು ತೋರಿಸುತ್ತದೆ. ಅದು ಉಳಿದ ಲೆಕ್ಕ ಹೇಳುತ್ತದೆ, ಇದು ಸವೆದ ಲೆಕ್ಕ ಹೇಳುತ್ತದೆ. ಹಳೆಯ ಸಾಟಾ ಎಸ್‌ಎಸ್‌ಡಿಗಳಲ್ಲಂತೂ ಸವೆತದ ಅಂಕಿ ಸಾಮಾನ್ಯವಾಗಿ ನೂರರಿಂದ ಶುರುವಾಗಿ ಕೆಳಗಿಳಿಯುತ್ತದೆ, ಹೆಸರೂ ಕಂಪನಿಗೊಂದು. ಅಲ್ಲಿ 4 ಕಂಡರೆ ಹೆದರಬೇಕು. ಮಾವನದರಂಥ ಹೊಸ ಬಗೆಯ ಎನ್‌ವಿಎಂಇ ಡ್ರೈವ್‌ನಲ್ಲಿ ಇದು ಸೊನ್ನೆಯಿಂದ ಮೇಲೇರುತ್ತದೆ, ನೂರು ದಾಟಿಯೂ ಹೋಗಬಹುದು, 255ರವರೆಗೆ. ನೂರಾದ ದಿನ ಡ್ರೈವ್ ಸಾಯಬೇಕೆಂದೇನೂ ಇಲ್ಲ. ಕಂಪನಿ ಅಂದಾಜು ಮಾಡಿದ್ದ ಸವೆತ ಮುಗಿಯಿತು ಅಂತ ಮಾತ್ರ ಅರ್ಥ. ಆದರೆ ದುಡ್ಡು ತಗೊಂಡು ರಿಪೇರಿ ಮಾಡುವವರಿಗೆ ಇಷ್ಟಾದರೂ ಗೊತ್ತಿರಬೇಡವೇ?

ಅನುಮಾನವಿದ್ದರೆ ಕೆಳಗಿನ ಸಾಲು ನೋಡಿ ತಾಳೆ ಹಾಕಬಹುದಿತ್ತು. `Data Units Written`ನ ಒಂದು ಯೂನಿಟ್ ಅಂದರೆ 512 ಬೈಟ್‌ನ ಸಾವಿರ ತುಂಡು, ಅಂದರೆ 5,12,000 ಬೈಟ್. ಗುಣಿಸಿದರೆ ಸುಮಾರು 12.2 ಟಿಬಿ. ಆ ಗುಣಾಕಾರವನ್ನೂ ಪರದೆಯೇ ಮಾಡಿಕೊಟ್ಟಿದೆ. ಮಾವನ ಆ 512 ಜಿಬಿ ಡ್ರೈವ್‌ಗೆ ಕಂಪನಿ ಕೊಟ್ಟ ಬರವಣಿಗೆಯ ಮಿತಿ 300 ಟಿಬಿ. ಡ್ರೈವ್‌ಗಳ ವಿವರದಲ್ಲಿ ಟಿಬಿಡಬ್ಲ್ಯೂ ಅಂತ ಬರೆದಿರುತ್ತಾರಲ್ಲ, ಅದೇ. 300ರಲ್ಲಿ 12 ಅಂದರೆ ಎಷ್ಟು? ನಾಲ್ಕು ಪರ್ಸೆಂಟ್! ಇಷ್ಟು ಚೆನ್ನಾಗಿ ಯಾವಾಗಲೂ ಹೊಂದುವುದಿಲ್ಲ. ನಾವು ಒಂದು ಜಿಬಿ ಬರೆದರೆ ಡ್ರೈವ್ ಒಳಗೆ ಜಾಗ ಹೊಂದಿಸಿಕೊಳ್ಳುತ್ತಾ ಅದಕ್ಕಿಂತ ಜಾಸ್ತಿ ಬರೆದಿರುತ್ತದೆ, ಸವೆತ ಅದನ್ನೂ ಹಿಡಿದು ಏರುತ್ತದೆ. ಆದರೆ ನಾಲ್ಕು ಎಲ್ಲಿ, ತೊಂಬತ್ತಾರು ಎಲ್ಲಿ!

ಹಾಗಂತ ಇದೇ ಲೆಕ್ಕ ಹಿಡಿದು "ವರ್ಷಕ್ಕೆ 4 ಟಿಬಿ, ಇನ್ನೂ 72 ವರ್ಷ ಬಾಳುತ್ತೆ" ಎಂದು ಕುಣಿಯುವವರ ಮೇಲೂ ನನಗೆ ಸಿಟ್ಟಿದೆ. ಈ ಅಂಕಿ ಹೇಳುವುದು ಮೆಮೊರಿಯ ಸವೆತ ಮಾತ್ರ. ಕಂಟ್ರೋಲರ್ ಚಿಪ್ ಸುಟ್ಟರೆ, ಫರ್ಮ್‌ವೇರ್ ಕೆಟ್ಟರೆ ಇದಕ್ಕೆ ಸುಳಿವೇ ಇರುವುದಿಲ್ಲ. ನನ್ನದೇ ಒಂದು ಡ್ರೈವ್ 97% ಹೆಲ್ತ್ ತೋರಿಸುತ್ತಾ ತೋರಿಸುತ್ತಾ ಒಂದು ಬೆಳಿಗ್ಗೆ ಬಯಾಸ್‌ನಿಂದಲೇ ಮಾಯವಾಗಿತ್ತು. ಟೈರಿನ ಸವೆತ ನೋಡಿ ಇಂಜಿನ್ ಹೇಗಿದೆ ಅಂತ ಹೇಳಲಾಗುತ್ತದೆಯೇ?

ಆ ಫೋಟೋದಲ್ಲಿ ನೋಡಬೇಕಾಗಿದ್ದು ಬೇರೆಯೇ ಇತ್ತು. `Available Spare` 100 ಇದೆ, ಅಂದರೆ ಕೆಟ್ಟ ಬ್ಲಾಕ್‌ಗಳ ಬದಲಿಗೆ ಇಟ್ಟಿದ್ದ ಮೀಸಲು ಹಾಗೇ ಇದೆ. ಅದು 10ಕ್ಕಿಂತ ಕೆಳಗಿಳಿದರೆ ಡ್ರೈವೇ `Critical Warning`ನಲ್ಲಿ ಬಾಯಿಬಿಡುತ್ತದೆ. ಕೊನೆಯ ಸಾಲು ಸೊನ್ನೆ. ಅದು ಏರುತ್ತಿದ್ದರೆ ನಾನೇ "ಇವತ್ತೇ ಕಾಪಿ ತೆಗೀರಿ ಮಾವ" ಎನ್ನುತ್ತಿದ್ದೆ. ಕಣ್ಣಿಗೆ ಹೊಡೆದದ್ದು ಮಾತ್ರ 87. ಸರಿಯಾಗಿ ಶಟ್‌ಡೌನ್ ಆಗದೆ ಕರೆಂಟ್ ತಪ್ಪಿದ ಸಲ ಅದು. ಕೇಳಿದರೆ, ಬ್ಯಾಟರಿ ಸತ್ತು ವರ್ಷವಾಗಿದೆ! ಲ್ಯಾಪ್‌ಟಾಪ್ ಪ್ಲಗ್‌ನಲ್ಲೇ ಓಡುತ್ತಿದೆ, ಕರೆಂಟ್ ಹೋದಾಗಲೆಲ್ಲ ಧಪ್ಪನೆ ಆರಿಹೋಗುತ್ತದೆ. ಬರೆಯುವ ಮಧ್ಯೆ ಹಾಗಾದರೆ ಫೈಲ್ ಹಾಳಾಗುವುದು ಖಂಡಿತ ಸಾಧ್ಯ. 5,200ರಲ್ಲಿ ಒಂದು ಬ್ಯಾಟರಿ ಹಾಕಿಸಿದ್ದರೆ ಉಪಕಾರವಾಗುತ್ತಿತ್ತು. ಅದನ್ನು ಅಂಗಡಿಯವರು ಎತ್ತಲೇ ಇಲ್ಲ.

ಇನ್ನೂ ಮಜಾ ಕೇಳಿ. ಹೊಸ ಡ್ರೈವ್ ಹಾಕಿಸಿ ಮೂರು ದಿನಕ್ಕೆ ಮತ್ತೆ ಅದೇ ಎತ್ತಿನಗಾಡಿ. ಭಾನುವಾರ ಬಸ್ ಹತ್ತಿ ಹೋದೆ. ಸಿ ಡ್ರೈವ್ ತೆಗೆದರೆ ಕೆಂಪು ಪಟ್ಟಿ, 476 ಜಿಬಿಯಲ್ಲಿ ಖಾಲಿ ಇರುವುದು 9. ಹಳೆಯದನ್ನು ಇದ್ದ ಹಾಗೇ ಕ್ಲೋನ್ ಮಾಡಿದ್ದಾರೆ, ಕಾಯಿಲೆಯೂ ಜೊತೆಗೇ ಬಂದಿದೆ. ಫ್ಲ್ಯಾಶ್ ಮೆಮೊರಿಯಲ್ಲಿ ಇರುವುದರ ಮೇಲೇ ಬರೆಯಲು ಆಗುವುದಿಲ್ಲ, ಮೊದಲು ಇಡೀ ಬ್ಲಾಕ್ ಅಳಿಸಬೇಕು. ಖಾಲಿ ಜಾಗವಿದ್ದರೆ ಈ ಕೆಲಸ ಬಿಡುವಿನಲ್ಲಿ ನಡೆಯುತ್ತದೆ. ಇಲ್ಲದಿದ್ದರೆ ನಾವು ಸೇವ್ ಒತ್ತಿದಾಗಲೇ ಒಳಗೆ ಸಾಮಾನು ಸಾಗಿಸುವ ಗದ್ದಲ. ಅತ್ತೆಯ ಫೋನಿನ ಮದುವೆ, ನಾಮಕರಣದ ವಿಡಿಯೋಗಳೇ 180 ಜಿಬಿ ಇದ್ದವು. ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿದೆ. ಲ್ಯಾಪ್‌ಟಾಪ್ ಓಡತೊಡಗಿತು. ಖರ್ಚು ಸೊನ್ನೆ.

ಅಂಗಡಿಗೆ ಹೋದೆ, ದುಡ್ಡಿಗಿಂತ ಹಳೆಯ ಡ್ರೈವ್‌ಗಾಗಿ. ಅದರಲ್ಲಿ ನೂರಾರು ಜನರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್! 300 ರೂಪಾಯಿಗೆ ಕೊಟ್ಟುಬಿಟ್ಟಿದ್ದಾರೆ ನಮ್ಮ ಮಾವ. ಹುಡುಗ ಡ್ರಾಯರ್‌ನಿಂದ ತೆಗೆದು ಕೊಟ್ಟ, ಪುಣ್ಯಕ್ಕೆ ಮಾರಿರಲಿಲ್ಲ. "ಫಾರ್ಮ್ಯಾಟ್ ಮಾಡಿ ಬಿಡ್ತಿದ್ವಿ ಸರ್" ಅಂದ. ಫೋಟೋ ತೋರಿಸಿ ಕೇಳಿದೆ. "ನಾಲ್ಕೇ ಇದೆಯಲ್ಲ ಸರ್, ರಿಸ್ಕ್ ಯಾಕೆ ಅಂತ" ಎಂದ. ಹೊಸದರಲ್ಲಿ ಎಷ್ಟಿದೆ ನೋಡಪ್ಪ ಎಂದರೆ ನೋಡಲಿಲ್ಲ. ಹೊಸ ಡ್ರೈವ್ ವಾಪಸ್ ತಗೊಳ್ಳಲೂ ಇಲ್ಲ. ಅದರ ಡಬ್ಬದ ಮೇಲೆ ಟಿಬಿಡಬ್ಲ್ಯೂ ಅಂಕಿಯೇ ಇಲ್ಲ.

ಮನೆಗೆ ಬಂದು ಮಾವನಿಗೆ ಎಲ್ಲ ಬಿಡಿಸಿ ಹೇಳಿದೆ. ತಲೆಯಾಡಿಸಿದರು. ನೋಡಿಕೊಳ್ಳಲಿ ಅಂತ `smartctl` ಹಾಕಿಕೊಟ್ಟು ಬೆಂಗಳೂರಿಗೆ ಬಂದೆ. ನಿನ್ನೆ ರಾತ್ರಿ ಹತ್ತೂವರೆಗೆ ಫೋನ್.

"ಲೋ, ಹೊಸದ್ರಲ್ಲಿ ಸೊನ್ನೆ ಪರ್ಸೆಂಟ್ ತೋರಿಸ್ತಿದೆ ಕಣೋ!"