ಡಾಲರ್ ಇಳಿದರೆ ಬಿಲ್ಲೂ ಇಳೀಬೇಕಾ?

‘ದರ ಹೊಂದಾಣಿಕೆ’ ಅಂತ ಮೇಲ್‌ಗೆ ಎಷ್ಟೇ ನಯವಾದ ತಲೆಬರಹ ಕೊಡಿ, ಓದುವವರ ಕಣ್ಣಿಗೆ ಕಾಣುವುದು ‘ದುಡ್ಡು ಜಾಸ್ತಿ ಕೊಡಿ’ ಅಂತಲೇ. ಹದಿನೆಂಟು ತಿಂಗಳ ಕೆಲಸ, ಬಿಲ್ ಡಾಲರ್‌ನಲ್ಲಿ, ನನ್ನ ಖರ್ಚೆಲ್ಲ ನಮ್ಮ ದುಡ್ಡಿನಲ್ಲಿ. ನಡುವೆ ಡಾಲರ್ ಎತ್ತ ಹೋಗುತ್ತದೋ ಯಾರಿಗೆ ಗೊತ್ತು? ಅದಕ್ಕೇ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಒಂದು ಷರತ್ತು ಸೇರಿಸೋಣ ಅಂತ ಕೆಲಸ ಕೊಡುವ ಕಂಪನಿಗೆ ಬರೆದೆ. ಮ್ಯಾನೇಜರ್ ಉತ್ತರ ಒಂದೇ ಸಾಲು: ‘ಕೆಲಸ ಶುರುವಾಗುವ ಮೊದಲೇ ಇನ್‌ಕ್ರಿಮೆಂಟಾ?’

ಸರಿ, ಲೆಕ್ಕ ಹಾಕಿಯೇ ತೋರಿಸೋಣ ಅಂತ ಕೂತೆ. ತಿಂಗಳಿಗೆ 2,000 ಡಾಲರ್. ಸಹಿ ಹಾಕುವ ದಿನ ಡಾಲರ್‌ಗೆ ನಮ್ಮ ದುಡ್ಡು 50 ಅಂತಿಟ್ಟುಕೊಳ್ಳಿ. ಕೈಗೆ ಬರುವುದು ಒಂದು ಲಕ್ಷ. ಡಾಲರ್ 46ಕ್ಕೆ ಇಳಿದರೆ ಅದೇ ಕೆಲಸಕ್ಕೆ 92,000. ಆಗ ಬಿಲ್ ಹೀಗಿರಲಿ ಅಂತ ಬರೆದೆ:

ಹೊಸ ಬಿಲ್ = 2,000 × 50 ÷ ಈಗಿನ ದರ

ಅಂದರೆ 2,173.91 ಡಾಲರ್. ಡಾಲರ್ ಏರಿದರೆ ಇದೇ ಸೂತ್ರದಲ್ಲಿ ಬಿಲ್ ಇಳಿಯುತ್ತದೆ, ಲಾಭ ನಿಮಗೇ ಅಂತ ದಪ್ಪ ಅಕ್ಷರದಲ್ಲಿ ಸೇರಿಸಿದೆ. ದಿನಾ ಈ ರಗಳೆ ಬೇಡವಲ್ಲ, ಅದಕ್ಕೆ ಮೂರು ತಿಂಗಳಿಗೊಮ್ಮೆ ಮಾತ್ರ ನೋಡೋಣ. ಕೇಂದ್ರ ಬ್ಯಾಂಕ್ ಪ್ರಕಟಿಸುವ ದರದ ಮೂರು ತಿಂಗಳ ಸರಾಸರಿ, ಸಹಿ ಹಾಕಿದ ದಿನದ ದರಕ್ಕೆ ಹೋಲಿಸಿದರೆ ಶೇ. 5ಕ್ಕಿಂತ ಜಾಸ್ತಿ ಆಚೀಚೆ ಆಗಿದ್ದರಷ್ಟೇ ಮುಂದಿನ ಬಿಲ್‌ಗಳನ್ನು ಬದಲಿಸೋಣ, ಹಳೆಯ ಬಿಲ್ ಮುಟ್ಟುವುದು ಬೇಡ ಅಂದೆ.

ಮ್ಯಾನೇಜರ್ ಕರಗಿದರು. ಮೇಲ್ ಅಕೌಂಟ್ಸ್ ವಿಭಾಗಕ್ಕೆ ಹೋಯಿತು. ಅಲ್ಲಿಂದ ಚೆಂದದ ಬಣ್ಣದ ಎಕ್ಸೆಲ್ ಶೀಟ್ ಬಂತು. ಡಾಲರ್ 46 ಆದಾಗ ನನ್ನ ಬಿಲ್ 1,840 ಡಾಲರ್ ಅಂತ ಅದರಲ್ಲಿತ್ತು! ಭಾಗಿಸಬೇಕಾದಲ್ಲಿ ಗುಣಿಸಿ, ಗುಣಿಸಬೇಕಾದಲ್ಲಿ ಭಾಗಿಸಿದ್ದರು. ‘ಡಾಲರ್ ಶೇ. 8 ಇಳಿದಿದೆ, ಹಾಗಾಗಿ ಬಿಲ್ಲೂ ಶೇ. 8 ಇಳಿದಿದೆ’ ಅಂತ ವಿವರಣೆ ಬೇರೆ. ಆ 1,840 ಡಾಲರನ್ನು 46ರಂತೆ ಬದಲಾಯಿಸಿದರೆ ಸಿಗುವುದು 84,640. ಷರತ್ತೇ ಇಲ್ಲದಿದ್ದರೆ ನನಗೆ 92,000 ಆದರೂ ಸಿಗುತ್ತಿತ್ತು, ಅಲ್ವಾ? ಛತ್ರಿ ಹಿಡಿದವನೇ ಜಾಸ್ತಿ ನೆಂದ ಹಾಗಾಯಿತು.

ಸುಮ್ನೆ ಅವರನ್ನು ಬೈದು ಪ್ರಯೋಜನವಿಲ್ಲ. ನಾವು ‘ಒಂದು ಡಾಲರ್‌ಗೆ 50’ ಅನ್ನುತ್ತೇವೆ. ಅವರ ಶೀಟಿನಲ್ಲಿ ‘ನಮ್ಮ ಒಂದಕ್ಕೆ 0.02 ಡಾಲರ್’ ಅಂತಿತ್ತು. ದರವನ್ನು ಯಾವ ಕಡೆಯಿಂದ ಹೇಳುತ್ತೇವೆ ಅನ್ನುವುದರ ಮೇಲೆ ಸೂತ್ರವೇ ತಲೆಕೆಳಗಾಗುತ್ತದೆ. ಹಾಗಾಗಿ ಸೂತ್ರದ ಕೆಳಗೆ ಏರಿದಾಗ ಒಂದು, ಇಳಿದಾಗ ಒಂದು, ಹೀಗೆ ಎರಡು ಲೆಕ್ಕಗಳನ್ನು ಅಂಕಿ ಸಮೇತ ಒಪ್ಪಂದದಲ್ಲೇ ಹಾಕಿಸಿದೆ. ಪದಗಳಿಗೆ ಹತ್ತು ಅರ್ಥ ಹುಡುಕುವವರೂ 2,173.91ಕ್ಕೆ ಇನ್ನೊಂದು ಅರ್ಥ ಹುಡುಕಲಾರರು.

ಇಷ್ಟಕ್ಕೆ ಮುಗಿಯಿತೇ? ಇಲ್ಲ, ಕಾನೂನು ವಿಭಾಗ ಬಾಕಿ ಇತ್ತು. ಅವರು ಒಂದೇ ಒಂದು ಪದಪುಂಜ ಬದಲಿಸಿದರು. ‘ಸಹಿ ಹಾಕಿದ ದಿನದ ದರಕ್ಕೆ ಹೋಲಿಸಿ’ ಎಂದಿದ್ದದ್ದು ‘ಹಿಂದಿನ ಮೂರು ತಿಂಗಳ ದರಕ್ಕೆ ಹೋಲಿಸಿ’ ಎಂದಾಯಿತು. ಕೇಳಲು ಎಷ್ಟು ಸಾಧು! ಆದರೆ ಡಾಲರ್ 50ರಿಂದ 48ಕ್ಕೆ, ಅಲ್ಲಿಂದ 46ಕ್ಕೆ, ಆಮೇಲೆ 44ಕ್ಕೆ ಮೆತ್ತಗೆ ಜಾರಿತು ಅಂದುಕೊಳ್ಳಿ. ಪ್ರತಿ ಸಲವೂ ಇಳಿತ ಶೇ. 4 ಚಿಲ್ಲರೆ. ಐದು ದಾಟುವುದೇ ಇಲ್ಲ. ಒಟ್ಟು ಶೇ. 12 ಕರಗಿಹೋಗಿರುತ್ತದೆ, ಷರತ್ತು ಮಾತ್ರ ಎಚ್ಚರವಾಗಿರುವುದಿಲ್ಲ. ದರ ಧಡಕ್ಕನೆ ಬಿದ್ದರಷ್ಟೇ ಕೆಲಸ ಮಾಡುವ ಷರತ್ತು ಇದು, ತೆವಳಿಕೊಂಡು ಇಳಿದರೆ ದೇವರೇ ಗತಿ. ಈ ಲೆಕ್ಕ ಬರೆದು ಕಳಿಸಿದ ಮೇಲೆ ಹಳೆಯ ಸಾಲು ವಾಪಸ್ ಬಂತು. ಜೊತೆಗೆ, ಸರಾಸರಿ ಶೇ. 15 ದಾಟಿದರೆ ಸೂತ್ರ ಬಿಟ್ಟು ಮಾತುಕತೆಗೆ ಕೂರಬೇಕು ಅಂತ ಅವರು ಸೇರಿಸಿದರು. ಅದು ನ್ಯಾಯವೇ, ಒಪ್ಪಿದೆ.

ಸಹಿ ಬಿತ್ತು. ಮೊದಲ ಮೂರು ತಿಂಗಳಲ್ಲೇ ಡಾಲರ್ ಏರತೊಡಗಿತು! ಸರಾಸರಿ 53, ಅಂದರೆ ಶೇ. 6 ಮೇಲೆ. ನನ್ನ ಯಾವ ಬಿಲ್ಲಿಗೂ ವಾರದೊಳಗೆ ಉತ್ತರ ಕೊಡದ ಅಕೌಂಟ್ಸ್ ವಿಭಾಗ, ನಾನು ಕ್ಯಾಲ್ಕ್ಯುಲೇಟರ್ ತೆಗೆಯುವ ಮೊದಲೇ ಮೇಲ್ ಕಳಿಸಿತು: ‘ಈ ತಿಂಗಳಿಂದ 1,886.79 ಡಾಲರ್.’ ಈ ಸಲ ಸೂತ್ರ ಸರಿಯಾಗಿಯೇ ಹಾಕಿದ್ದರು, ಪೈಸೆ ತಪ್ಪಿರಲಿಲ್ಲ.

53ರಂತೆ ಅದು ಸರಿಯಾಗಿ ಒಂದು ಲಕ್ಷ. ನಷ್ಟವೇನೂ ಇಲ್ಲ, ಆದರೂ ಹೊಟ್ಟೆ ಉರಿಯಿತು. ಖಾತೆ ನೋಡಿದರೆ ಅಷ್ಟೂ ಇರಲಿಲ್ಲ. ಬ್ಯಾಂಕಿನವರು ಪ್ರಕಟಿತ ದರಕ್ಕಿಂತ ಒಂಚೂರು ಕಡಿಮೆಗೆ ಬದಲಾಯಿಸಿ, ಮೇಲೆ ಶುಲ್ಕವನ್ನೂ ಮುರಿದುಕೊಂಡಿದ್ದರು. ಡಾಲರ್ ಏರಲಿ ಇಳಿಯಲಿ, ಅವರಿಗೆ ಯಾವ ಷರತ್ತೂ ಬೇಕಿಲ್ಲ.